ಅಂಗಡಿಯ ಕ್ಲೌಡೋ, ಆಟದ ಖಾತೆಯೋ, ಪೆನ್‌ಡ್ರೈವೋ: ಆಡಿದ ಆಟವನ್ನು ಇನ್ನೊಂದು ಯಂತ್ರಕ್ಕೆ ಒಯ್ಯುವ ಬಗೆ

ನನ್ನ ಅಣ್ಣನ ಮಗನ ಓದು ಧಾರವಾಡದಲ್ಲಿ, ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ವಾರದ ದಿನಗಳಲ್ಲಿ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಅವನ ಜೊತೆಗಿರುವುದು ಒಂದು ಹಳೆಯ ಲ್ಯಾಪ್‌ಟಾಪ್. ಶನಿವಾರ ಚಿಗರಿ ಬಸ್ ಹತ್ತಿ ಮನೆಗೆ ಬಂದರೆ ಡೆಸ್ಕ್‌ಟಾಪ್ ಅವನ ಪಾಲಿಗೆ ಬರುತ್ತದೆ. ಎರಡರಲ್ಲಿಯೂ ಅವನು ಸ್ಟಾರ್‌ಡ್ಯೂ ವ್ಯಾಲಿ ಎಂಬ ಒಕ್ಕಲುತನದ ಆಟವನ್ನೂ ದಿ ವಿಚರ್ 3 ಎಂಬ ದೊಡ್ಡ ಕಥೆಯ ಆಟವನ್ನೂ ಆಡುತ್ತಾನೆ, ಎರಡನ್ನೂ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡಿದ್ದಾನೆ. ದೀಪಾವಳಿಗೆ ಮನೆಗೆ ಪ್ಲೇಸ್ಟೇಷನ್ 5 ತರುವ ಮಾತು ನಡೆದಾಗ ಅವನು ಕೇಳಿದ ಮೊದಲ ಪ್ರಶ್ನೆ ಬೆಲೆಯದಾಗಿರಲಿಲ್ಲ. "ಕಾಕಾ, ಇಲ್ಲಿ ಆಡಿದ್ದು ಅದರಾಗ ಬರತೈತೇನು?" ಎಂದು ಕೇಳಿದ.

ಆಟಕ್ಕೆ ಕ್ಲೌಡ್ ಸೇವ್ ಇದೆ, ಅಂದರೆ ಆಡಿದ್ದರ ಒಂದು ಪ್ರತಿ ಇಂಟರ್‌ನೆಟ್‌ನಲ್ಲಿಯೂ ಉಳಿಯುತ್ತದೆ ಎಂದು ಅದರ ಪುಟದಲ್ಲಿ ಬರೆದಿದ್ದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕ್ಲೌಡ್ ಯಾರದು ಎಂಬುದನ್ನು ನೋಡಬೇಕಾಗುತ್ತದೆ. ಅದು ಆಟ ಮಾರಿದ ಅಂಗಡಿಯದಾಗಿರಬಹುದು, ಅಂದರೆ ಸ್ಟೀಮ್, ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್‌ನದು. ಇಲ್ಲವೇ ಆಟ ತಯಾರಿಸಿದ ಕಂಪನಿಯೇ ತನ್ನ ಖಾತೆಯ ಮೂಲಕ ಇಟ್ಟುಕೊಂಡದ್ದಾಗಿರಬಹುದು. ಇವೆರಡೂ ಇಲ್ಲದಿದ್ದಲ್ಲಿ ಉಳಿಯುವುದು ಫೈಲನ್ನು ನಾವೇ ಕೈಯಾರೆ ಒಯ್ಯುವ ದಾರಿ. ಈ ಮೂರರಲ್ಲಿ ಯಾವುದು ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಆ ಹುಡುಗನ ಎರಡು ಆಟಗಳನ್ನೇ ಮುಂದಿಟ್ಟುಕೊಂಡು ನೋಡೋಣ.

ಅದಕ್ಕೆ ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ನಾವು "ನನ್ನ ಆಟ" ಎಂದು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ವಸ್ತುಗಳಿವೆ. ಆಟ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಹೇಳುವ ಸೇವ್ ಫೈಲ್ ಒಂದು. ಹೆಸರು, ಗೆಳೆಯರ ಪಟ್ಟಿ, ಟ್ರೋಫಿಗಳು ಸೇರಿದ ಪ್ರೊಫೈಲ್ ಇನ್ನೊಂದು. ಆಟವನ್ನೂ ಅದರ ಹೆಚ್ಚುವರಿ ಭಾಗಗಳನ್ನೂ ಕೊಂಡ ಹಕ್ಕು ಮೂರನೆಯದು. ಒಂದು ಸೇವೆ ಇವುಗಳಲ್ಲಿ ಒಂದನ್ನು ಒಯ್ಯುತ್ತದೆ ಎಂದ ಮಾತ್ರಕ್ಕೆ ಉಳಿದೆರಡನ್ನೂ ಒಯ್ಯುತ್ತದೆ ಎಂದಾಗುವುದಿಲ್ಲ. ಸೇವ್ ಪ್ಲೇಸ್ಟೇಷನ್‌ಗೆ ಬಂದರೂ ಸ್ಟೀಮ್‌ನಲ್ಲಿ ಕೊಂಡ ಆಟ ಅಲ್ಲಿಗೆ ಬರುವುದಿಲ್ಲ. ಅದನ್ನು ಅಲ್ಲಿ ಮತ್ತೊಮ್ಮೆ ಕೊಳ್ಳಲೇಬೇಕು.

ಅಂಗಡಿಯ ಕ್ಲೌಡ್

ಸ್ಟೀಮ್ ಕ್ಲೌಡ್‌ಗೆ ಬೇರೆ ಶುಲ್ಕವಿಲ್ಲ. ಯಾವ ಫೈಲುಗಳನ್ನು, ಎಷ್ಟು ಗಾತ್ರದವರೆಗೆ ಇಡಬೇಕೆಂಬುದನ್ನು ಪ್ರತಿ ಆಟದ ತಯಾರಕರೇ ಗೊತ್ತುಮಾಡಿರುತ್ತಾರೆ, ಆದ್ದರಿಂದ ಸ್ಟೀಮ್‌ನಲ್ಲಿರುವ ಎಲ್ಲ ಆಟಗಳಿಗೂ ಈ ಸೌಲಭ್ಯ ಇರುವುದಿಲ್ಲ. ಇರುವ ಆಟಗಳಲ್ಲಿ ಕೆಲಸ ನಡೆಯುವುದು ಮುಖ್ಯವಾಗಿ ಎರಡು ಹೊತ್ತಿನಲ್ಲಿ. ಆಟ ತೆರೆಯುವ ಮೊದಲು ಸ್ಟೀಮ್ ಕ್ಲೌಡ್‌ನಲ್ಲಿರುವ ಫೈಲನ್ನೂ ಯಂತ್ರದಲ್ಲಿರುವ ಫೈಲನ್ನೂ ಹೋಲಿಸಿ, ಕ್ಲೌಡ್‌ನಲ್ಲಿ ಬದಲಾವಣೆಯಾಗಿದ್ದರೆ ಅದನ್ನು ಇಳಿಸಿಕೊಳ್ಳುತ್ತದೆ; ಆಟ ಮುಚ್ಚಿದ ಮೇಲೆ ಯಂತ್ರದಲ್ಲಿ ಬದಲಾದದ್ದನ್ನು ಮೇಲೇರಿಸುತ್ತದೆ. ನಡುವೆ, ನಾವು ಆಡುತ್ತಿರುವಾಗ, ಸಾಮಾನ್ಯವಾಗಿ ಏನೂ ಮೇಲೆ ಹೋಗುವುದಿಲ್ಲ. ಮುಂದೆ ಹೇಳುವ ಫಜೀತಿ ಹುಟ್ಟಿದ್ದು ಇಲ್ಲಿಂದಲೇ.

ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಸೇವ್ ಆಗುವುದು ಆಟಗಾರ ರಾತ್ರಿ ಹಾಸಿಗೆಗೆ ಹೋಗಿ ಮಲಗಿದಾಗ ಮಾತ್ರ. ಆಟದ ಒಂದು ಪೂರ್ಣ ದಿನ ನಮ್ಮ ಗಡಿಯಾರದ ಸುಮಾರು 14 ನಿಮಿಷ, ಒಂದು ಋತುವಿಗೆ 28 ದಿನ. ಒಂದು ಶನಿವಾರ ರಾತ್ರಿ ಹುಡುಗ ಹುಬ್ಬಳ್ಳಿಯ ಡೆಸ್ಕ್‌ಟಾಪ್‌ನಲ್ಲಿ ವಸಂತ ಋತುವಿನ 18ನೆಯ ದಿನಕ್ಕೆ ಬಂದು ಆಟವನ್ನು ಸರಿಯಾಗಿ ಮುಚ್ಚಿದ್ದ, ಅದು ಕ್ಲೌಡ್‌ಗೆ ಸೇರಿತ್ತು. ಭಾನುವಾರ ನಾಲ್ಕಕ್ಕೆ ಕುಳಿತು ಸುಮಾರು ಎರಡು ತಾಸು ಆಡಿ 26ನೆಯ ದಿನಕ್ಕೆ ಬಂದ. ಆರು ದಾಟುತ್ತಿದ್ದಂತೆ ಕರೆಂಟ್ ಹೋಯಿತು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿಲ್ಲ. 26ನೆಯ ದಿನದ ಬೆಳಗಿನ ಸೇವ್ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿತ್ತು, ಆದರೆ ಆಟ ಮುಚ್ಚಿದ ಕ್ಷಣ ಎಂಬುದೇ ಸ್ಟೀಮ್‌ಗೆ ಕಾಣದಿದ್ದುದರಿಂದ ಕ್ಲೌಡ್‌ನಲ್ಲಿ ಇನ್ನೂ 18ನೆಯ ದಿನವೇ ಕುಳಿತಿತ್ತು.

ಕರೆಂಟ್ ಬರುವ ಮೊದಲೇ ಅವನು ಧಾರವಾಡಕ್ಕೆ ಹೊರಟ. ರಾತ್ರಿ ಒಂಬತ್ತಕ್ಕೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಸ್ಟೀಮ್ ತನಗೆ ಗೊತ್ತಿದ್ದ 18ನೆಯ ದಿನವನ್ನು ಇಳಿಸಿಕೊಟ್ಟಿತು. ನನಗೆ ಫೋನ್ ಬಂತು: "ಕಾಕಾ, ಇವತ್ತ ಆಡಿದ್ದೆಲ್ಲಾ ಹೋಗೇತಿ." ಹೋಗಿರಲಿಲ್ಲ, ಇಪ್ಪತ್ತು ಕಿಲೋಮೀಟರ್ ಆಚೆ ಇತ್ತು ಅಷ್ಟೆ, ಆದರೆ ಆ ಹೊತ್ತಿಗೆ ನನಗೂ ಅದು ಹೊಳೆಯಲಿಲ್ಲ. ಅವನು ಬೇಸರದಿಂದಲೇ ಒಂದು ತಾಸು ಆಡಿ, 22ನೆಯ ದಿನಕ್ಕೆ ಬಂದು, ಹತ್ತಕ್ಕೆ ಆಟ ಮುಚ್ಚಿದ. ಈಗ ಕ್ಲೌಡ್‌ನಲ್ಲಿ 22ನೆಯ ದಿನ, ಡೆಸ್ಕ್‌ಟಾಪ್‌ನಲ್ಲಿ 26ನೆಯ ದಿನ, ಎರಡಕ್ಕೂ ಮೂಲ ಶನಿವಾರದ 18ನೆಯ ದಿನ. ಒಂದೇ ಹೊಲಕ್ಕೆ ಎರಡು ಉತಾರಗಳು ಹುಟ್ಟಿದ ಹಾಗಾಯಿತು.

ಮುಂದಿನ ಶನಿವಾರ ಡೆಸ್ಕ್‌ಟಾಪ್‌ನಲ್ಲಿ ಆಟ ತೆರೆಯಲು ಹೋದಾಗ ಸ್ಟೀಮ್ ತಡೆದು ನಿಲ್ಲಿಸಿತು. ಕಳೆದ ಸಲ ಕ್ಲೌಡ್ ಜೊತೆ ಹೊಂದಿಸಿದ ಮೇಲೆ ಯಂತ್ರದ ಫೈಲ್ ಒಂದೇ ಬದಲಾಗಿದ್ದರೆ ಸ್ಟೀಮ್ ಕೇಳದೆ ಮೇಲೇರಿಸುತ್ತದೆ, ಕ್ಲೌಡ್ ಒಂದೇ ಬದಲಾಗಿದ್ದರೆ ಕೇಳದೆ ಇಳಿಸುತ್ತದೆ. ಎರಡೂ ಬದಲಾಗಿದ್ದರೆ ಮಾತ್ರ ಯಾವುದನ್ನು ಉಳಿಸಿಕೊಳ್ಳಲಿ ಎಂದು ನಮ್ಮನ್ನು ಕೇಳುತ್ತದೆ. ಆಗ ಬರುವ ಕಿಟಕಿಯಲ್ಲಿ ಎರಡೂ ಸೇವ್‌ಗಳ ದಿನಾಂಕ ಮತ್ತು ವೇಳೆ ಇರುತ್ತವೆ. ಒಂದರ ಮುಂದೆ ಭಾನುವಾರ ಸಂಜೆ ಆರು, ಇನ್ನೊಂದರ ಮುಂದೆ ಭಾನುವಾರ ರಾತ್ರಿ ಹತ್ತು. ಹೊಸದು ಯಾವುದೋ ಅದೇ ಮುಂದಿನದು ಎಂದುಕೊಂಡು ಹುಡುಗ ಕ್ಲೌಡನ್ನು ಒತ್ತಿದ, ಡೆಸ್ಕ್‌ಟಾಪ್‌ನಲ್ಲಿದ್ದ 26ನೆಯ ದಿನದ ಮೇಲೆ 22ನೆಯ ದಿನ ಬಂದು ಕುಳಿತಿತು. ತಪ್ಪು ಸ್ಟೀಮ್‌ನದಲ್ಲ. ಆ ಕಿಟಕಿ ತೋರಿಸುವುದು ಫೈಲ್ ಬರೆದ ವೇಳೆಯನ್ನು ಮಾತ್ರ; ಆಟ ಎಷ್ಟು ಮುಂದೆ ಸಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತು ಗಡಿಯಾರ ಹಿಂದೆ ಬಿದ್ದಿದ್ದರೆ ಆ ವೇಳೆಯನ್ನೂ ನಂಬುವ ಹಾಗಿಲ್ಲ.

ಆದುದರಿಂದ ಆ ಕಿಟಕಿ ಕಂಡಾಗ ಮೊದಲು ಮಾಡಬೇಕಾದದ್ದು ಯಾವುದನ್ನೂ ಒತ್ತದೆ ಅದನ್ನು ಮುಚ್ಚುವುದು. ಬಳಿಕ ಯಂತ್ರದಲ್ಲಿರುವ ಸೇವ್ ಫೋಲ್ಡರನ್ನು ಇಡಿಯಾಗಿ ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು. ವಿಂಡೋಸ್‌ನಲ್ಲಿ ಸ್ಟಾರ್‌ಡ್ಯೂ ವ್ಯಾಲಿಯ ಸೇವ್‌ಗಳು ಇರುವ ಜಾಗ ಇದು. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಪಟ್ಟಿಯಲ್ಲಿ ಹೀಗೆಯೇ ಬರೆದು ಎಂಟರ್ ಒತ್ತಿದರೆ ತೆರೆದುಕೊಳ್ಳುತ್ತದೆ:

```
%AppData%\StardewValley\Saves
```

ನಕಲು ಕೈಯಲ್ಲಿದ್ದ ಮೇಲೆ ಕ್ಲೌಡನ್ನು ಆಯ್ದರೂ ನಷ್ಟವಿಲ್ಲ. ಆಟ ತೆರೆದು ದಿನ ಎಷ್ಟಿದೆ ಎಂದು ನೋಡಿ, ನಕಲಿನಲ್ಲಿರುವುದೇ ಮುಂದಿದೆ ಎಂದು ತಿಳಿದರೆ ಆಟ ಮುಚ್ಚಿ, ನಕಲನ್ನು ಮರಳಿ ಅದೇ ಜಾಗಕ್ಕೆ ಹಾಕಿ, ಆಟವನ್ನು ಮತ್ತೊಮ್ಮೆ ತೆರೆದು ಮುಚ್ಚಿದರೆ ಸಾಕು. ಈ ಸಲ ಬದಲಾದದ್ದು ಯಂತ್ರದ ಫೈಲ್ ಒಂದೇ ಆದುದರಿಂದ ಸ್ಟೀಮ್ ಅದನ್ನು ತಕರಾರಿಲ್ಲದೆ ಮೇಲೇರಿಸುತ್ತದೆ. ಕ್ಲೌಡ್‌ನಲ್ಲಿ ಏನಿದೆ ಎಂಬುದನ್ನು ಯಾವ ಕಂಪ್ಯೂಟರಿನಿಂದಲಾದರೂ ಬ್ರೌಸರ್‌ನಲ್ಲಿ ನೋಡಬಹುದು, ಇಳಿಸಿಕೊಳ್ಳಲೂಬಹುದು. ಸ್ಟೀಮ್ ಖಾತೆಗೆ ಲಾಗಿನ್ ಆಗಿ ಈ ಪುಟ ತೆರೆಯಬೇಕು:

```
https://store.steampowered.com/account/remotestorage
```

ಇದಕ್ಕಿಂತಲೂ ಸುಲಭವಾದದ್ದು ಇಕ್ಕಟ್ಟು ಹುಟ್ಟದಂತೆ ನೋಡಿಕೊಳ್ಳುವುದು. ಕರೆಂಟ್ ಬಂದ ಮೇಲೆ ಮನೆಯಲ್ಲಿದ್ದ ಯಾರಾದರೂ ಡೆಸ್ಕ್‌ಟಾಪ್ ಹಚ್ಚಿ, ಆಟವನ್ನು ಒಮ್ಮೆ ತೆರೆದು ಮುಚ್ಚಿದ್ದರೆ 26ನೆಯ ದಿನ ಧಾರವಾಡಕ್ಕೆ ಅವನಿಗಿಂತ ಮೊದಲೇ ತಲುಪಿರುತ್ತಿತ್ತು. ಸ್ಟೀಮ್ ಲೈಬ್ರರಿಯಲ್ಲಿ ಆಟದ ಪುಟದ ಮೇಲೆ, ಆಡುವ ಬಟನ್ನಿನ ಬಳಿ, ಕ್ಲೌಡ್‌ನ ಸ್ಥಿತಿಯನ್ನು ತೋರಿಸುವ ಚಿಕ್ಕ ಸಾಲೊಂದಿದೆ. ಮನೆ ಬಿಡುವ ಮೊದಲು ಅಲ್ಲಿ `Up to date` ಎಂದಿದೆಯೇ ಎಂದು ನೋಡುವುದನ್ನು ಹುಡುಗ ಈಗ ರೂಢಿ ಮಾಡಿಕೊಂಡಿದ್ದಾನೆ.

ಎಕ್ಸ್‌ಬಾಕ್ಸ್‌ನಲ್ಲಿಯೂ ಸೇವ್‌ಗಳು ಯಾವ ಚಂದಾ ಇಲ್ಲದೆ ತಾವಾಗಿಯೇ ಕ್ಲೌಡ್ ಸೇರುತ್ತವೆ. ಅಲ್ಲಿ ಗಮನವಿಡಬೇಕಾದದ್ದು ಅಳಿಸುವಾಗ: ಈ ಕನ್ಸೋಲ್‌ನಿಂದ ಮಾತ್ರ ಅಳಿಸಲೋ ಎಲ್ಲ ಕಡೆಯಿಂದ ಅಳಿಸಲೋ ಎಂದು ಅದು ಕೇಳುತ್ತದೆ, ಎರಡನೆಯದನ್ನು ಒತ್ತಿದರೆ ಕ್ಲೌಡ್‌ನ ಪ್ರತಿಯೂ ಹೋಗುತ್ತದೆ. ಪ್ಲೇಸ್ಟೇಷನ್‌ನ ಲೆಕ್ಕ ಬೇರೆ. ಸೇವ್ ಕ್ಲೌಡ್‌ಗೆ ಹೋಗಬೇಕಾದರೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಇರಲೇಬೇಕು. ಪ್ಲೇಸ್ಟೇಷನ್ 4ರ ಆಟಗಳ ಸೇವ್‌ಗಳನ್ನಾದರೆ ಪ್ಲೇಸ್ಟೇಷನ್ 5ರಿಂದಲೂ ಪೆನ್‌ಡ್ರೈವ್‌ಗೆ ನಕಲು ಮಾಡಬಹುದು. ಪ್ಲೇಸ್ಟೇಷನ್ 5ರದೇ ಆದ ಆಟಗಳಿಗೆ ಆ ಅನುಕೂಲವೂ ಇಲ್ಲ. ಇಡೀ ಕನ್ಸೋಲ್‌ನ ಬ್ಯಾಕಪ್ ತೆಗೆದಿಟ್ಟುಕೊಳ್ಳದಿದ್ದರೆ ಚಂದಾ ಇಲ್ಲದವನ ಸೇವ್ ಆ ಒಂದು ಪೆಟ್ಟಿಗೆಯೊಳಗೇ ಇರುತ್ತದೆ, ಪೆಟ್ಟಿಗೆ ಕೆಟ್ಟರೆ ಅದರೊಂದಿಗೇ ಹೋಗುತ್ತದೆ. ಕನ್ಸೋಲ್‌ಗಳ ಬೆಲೆಯನ್ನು ಹೋಲಿಸುವವರು ಈ ಚಂದಾದ ಖರ್ಚನ್ನೂ ಕೂಡಿಸಿ ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈ ಮೂರೂ ಕ್ಲೌಡ್‌ಗಳಿಗೆ ಸಮಾನವಾದ ಮಿತಿಯೊಂದಿದೆ: ಅಂಗಡಿಯ ಹೊಸ್ತಿಲನ್ನು ಇವು ತಾವಾಗಿ ದಾಟುವುದಿಲ್ಲ. ಸ್ಟೀಮ್‌ನ ಸೇವ್ ಪ್ಲೇಸ್ಟೇಷನ್‌ಗೆ ಕಾಣುವುದಿಲ್ಲ, ಪ್ಲೇಸ್ಟೇಷನ್‌ನದು ಎಕ್ಸ್‌ಬಾಕ್ಸ್‌ಗೆ ಕಾಣುವುದಿಲ್ಲ. ಕಂಪ್ಯೂಟರ್ ಮತ್ತು ಕನ್ಸೋಲ್ ಎರಡನ್ನೂ ಒಂದೇ ಸೂರಿನಡಿ ತಂದಿರುವುದು ಮೈಕ್ರೋಸಾಫ್ಟ್. ಎಕ್ಸ್‌ಬಾಕ್ಸ್ ಪ್ಲೇ ಎನಿವೇರ್ ಎಂಬ ಗುರುತಿರುವ ಆಟವನ್ನು ಒಮ್ಮೆ ಕೊಂಡರೆ ಎಕ್ಸ್‌ಬಾಕ್ಸ್‌ನಲ್ಲಿಯೂ ವಿಂಡೋಸ್‌ನಲ್ಲಿಯೂ ಆಡಬಹುದು, ಸೇವ್ ಕೂಡ ಎರಡರ ನಡುವೆ ಓಡಾಡುತ್ತದೆ. ಆದರೆ ವಿಂಡೋಸ್‌ನಲ್ಲಿ ಅದು ಮೈಕ್ರೋಸಾಫ್ಟ್‌ನ ಅಂಗಡಿಯಿಂದ ಬಂದ ಪ್ರತಿಯಾಗಿರಬೇಕು. ಅದೇ ಆಟವನ್ನು ಸ್ಟೀಮ್‌ನಲ್ಲಿ ಕೊಂಡಿದ್ದವನಿಗೆ ಈ ಗುರುತಿನಿಂದ ಪ್ರಯೋಜನವಾಗುವುದಿಲ್ಲ.

ಆಟದ ಖಾತೆ

ಹೊಸ್ತಿಲು ದಾಟಿಸುವ ಕೆಲಸ ಆಟದ ತಯಾರಕರ ಖಾತೆಯದು. ದಿ ವಿಚರ್ 3ಕ್ಕೆ 2022ರ ಡಿಸೆಂಬರ್ 14ರಂದು ಬಂದ 4.0 ಅಪ್‌ಡೇಟ್‌ನಲ್ಲಿ ಈ ಸೌಲಭ್ಯ ಸೇರಿತು. ಆಟದ ಒಳಗೇ, ತಯಾರಕರು ಇದಕ್ಕೆಂದು ಬಳಸುವ ಜಿಒಜಿ ಎಂಬ ಆಟದ ಅಂಗಡಿಯ ಖಾತೆಗೆ ಲಾಗಿನ್ ಆದರೆ ಇತ್ತೀಚಿನ ಸೇವ್‌ಗಳು ಆ ಖಾತೆಯ ಕ್ಲೌಡ್‌ಗೆ ಹೋಗುತ್ತವೆ. ಪ್ಲೇಸ್ಟೇಷನ್ 5ರಲ್ಲಿ ಅದೇ ಖಾತೆಗೆ ಲಾಗಿನ್ ಆದರೆ ಅಲ್ಲಿ ಕಾಣಿಸಿಕೊಳ್ಳುತ್ತವೆ. ಕಂಪ್ಯೂಟರಿನ ಪ್ರತಿಯನ್ನು ಸ್ಟೀಮ್‌ನಲ್ಲಿ ಕೊಂಡಿದ್ದರೂ ಅಡ್ಡಿಯಿಲ್ಲ, ಖಾತೆ ಮಾತ್ರ ಜಿಒಜಿಯದು. ಸ್ಟೀಮ್ ಕ್ಲೌಡ್ ತನ್ನ ಪಾಡಿಗೆ ಬೇರೆಯಾಗಿ ಕೆಲಸ ಮಾಡುತ್ತಲೇ ಇರುತ್ತದೆ.

ಹುಡುಗನಿಗೆ ಇಲ್ಲಿ ಎರಡು ಎಚ್ಚರಿಕೆ ಹೇಳಿದೆ. ಅವನ ಸ್ಟೀಮ್ ಪ್ರತಿಯಲ್ಲಿ ಆಟದ ಎರಡೂ ದೊಡ್ಡ ಹೆಚ್ಚುವರಿ ಭಾಗಗಳಿವೆ, ಅವನು ಅವುಗಳೊಳಕ್ಕೆ ಕಾಲಿಟ್ಟೂ ಆಗಿದೆ. ಕನ್ಸೋಲ್‌ಗೆ ಅಗ್ಗವೆಂದು ಬರಿಯ ಮೂಲ ಆಟವನ್ನು ಕೊಂಡರೆ, ಆ ಭಾಗಗಳನ್ನು ಬೇಡುವ ಸೇವ್ ಅಲ್ಲಿ ಮುಂದುವರಿಯುತ್ತದೆಂದು ನಂಬುವಂತಿಲ್ಲ. ಎರಡೂ ಕಡೆ ಪೂರ್ಣ ಆವೃತ್ತಿಯೇ ಇರಬೇಕು. ಎರಡನೆಯದು ಮಾಡ್‌ಗಳದು, ಅಂದರೆ ಆಟಗಾರರೇ ತಯಾರಿಸಿ ಆಟಕ್ಕೆ ಸೇರಿಸುವ ಬದಲಾವಣೆಗಳದು. ಕಂಪ್ಯೂಟರಿನಲ್ಲಿ ಗೆಳೆಯರು ಕೊಟ್ಟ ಮಾಡ್‌ಗಳನ್ನು ಹಾಕಿಕೊಂಡು ಆಡಿದ ಸೇವ್‌ನಲ್ಲಿ ಕನ್ಸೋಲ್‌ಗೆ ಪರಿಚಯವೇ ಇಲ್ಲದ ವಸ್ತುಗಳಿರಬಹುದು. ಅಂಥ ಸೇವ್ ತೆರೆಯದಿದ್ದರೆ ಅಥವಾ ತೆರೆದ ಮೇಲೆ ವಿಚಿತ್ರವಾಗಿ ವರ್ತಿಸಿದರೆ ದೋಷವನ್ನು ಕ್ಲೌಡ್‌ನಲ್ಲಿ ಹುಡುಕಬಾರದು. ಒಯ್ಯುವ ಉದ್ದೇಶವಿದ್ದವರು ಮಾಡ್ ಹಾಕದ ಒಂದು ಸೇವನ್ನು ಬೇರೆಯಾಗಿ ಇಟ್ಟುಕೊಳ್ಳುವುದು ವಾಸಿ.

ಗೆನ್‌ಶಿನ್ ಇಂಪ್ಯಾಕ್ಟ್‌ನಂಥ, ಸದಾ ಇಂಟರ್‌ನೆಟ್ ಬೇಡುವ ಆಟಗಳಲ್ಲಿ ಸೇವ್ ಫೈಲ್ ನಮ್ಮ ಯಂತ್ರದಲ್ಲಿ ಇರುವುದೇ ಇಲ್ಲ. ಎಲ್ಲವೂ ಕಂಪನಿಯ ಸರ್ವರ್‌ನಲ್ಲಿರುವುದರಿಂದ ಮೇಲೆ ಹೇಳಿದ ಎರಡು ಉತಾರಗಳ ತಂಟೆ ಅಲ್ಲಿ ಹುಟ್ಟುವುದಿಲ್ಲ. ಅದರ ಬದಲಿಗೆ ಖಾತೆ ಜೋಡಿಸುವ ತಂಟೆ ಹುಟ್ಟುತ್ತದೆ. ಫೋನಿನಲ್ಲಿ ವರ್ಷಗಟ್ಟಲೆ ಆಡಿದವನು ಕನ್ಸೋಲ್‌ನಲ್ಲಿ ಆಟವನ್ನು ಮೊದಲ ಸಲ ತೆರೆದಾಗ ಅವಸರದಲ್ಲಿ ಹಳೆಯ ಖಾತೆಗೆ ಜೋಡಿಸದೆ ಮುಂದೆ ಹೋದರೆ ಹೊಸ ಆಟವೊಂದು ಶುರುವಾಗುತ್ತದೆ. ಕನ್ಸೋಲ್‌ನ ಒಂದು ಖಾತೆಗೆ ಆಟದ ಒಂದು ಖಾತೆ ಎಂಬುದು ಇಂಥ ಸೇವೆಗಳ ಸಾಮಾನ್ಯ ನಿಯಮ, ಎರಡು ಖಾತೆಗಳ ಪ್ರಗತಿಯನ್ನು ಬೆರೆಸಿ ಒಂದು ಮಾಡುವ ದಾರಿ ಹೆಚ್ಚಿನ ಕಡೆ ಇರುವುದಿಲ್ಲ. ಆದ್ದರಿಂದ ಮೊದಲು ಹಳೆಯ ಯಂತ್ರದಲ್ಲಿ ಯಾವ ಇಮೇಲ್‌ನಿಂದ ಲಾಗಿನ್ ಆಗಿದ್ದೇವೆ ಎಂದು ಬರೆದಿಟ್ಟುಕೊಂಡು, ಹೊಸದರಲ್ಲಿ ಅದನ್ನೇ ಜೋಡಿಸಿ, ಆಮೇಲೆ ಆಟದೊಳಕ್ಕೆ ಹೋಗಬೇಕು. ಗೆಸ್ಟ್ ಎಂದು ಆಡುತ್ತಿರುವವರಿಗೆ ಇದು ಇನ್ನೂ ತುರ್ತಿನ ಮಾತು, ಏಕೆಂದರೆ ಗೆಸ್ಟ್ ಖಾತೆ ಆ ಫೋನಿಗೇ ಅಂಟಿಕೊಂಡಿರುತ್ತದೆ. ಹಣ ಕೊಟ್ಟು ಕೊಂಡ ನಾಣ್ಯಗಳೂ ಎಲ್ಲ ಕಡೆ ಹಿಂಬಾಲಿಸುವುದಿಲ್ಲ: ಗೆನ್‌ಶಿನ್‌ನಲ್ಲಿ ಪ್ಲೇಸ್ಟೇಷನ್‌ನಿಂದ ಕೊಂಡ ಜೆನೆಸಿಸ್ ಕ್ರಿಸ್ಟಲ್‌ಗಳನ್ನು ಫೋನಿನಲ್ಲಿ ಖರ್ಚು ಮಾಡಲು ಬರುವುದಿಲ್ಲ.

ಕೈಯಾರೆ ಒಯ್ಯುವುದು

ಸ್ಟಾರ್‌ಡ್ಯೂ ವ್ಯಾಲಿಗೆ ಅಂಥ ಖಾತೆಯಿಲ್ಲ. ಕಂಪ್ಯೂಟರಿನ ಹೊಲವನ್ನು ಪ್ಲೇಸ್ಟೇಷನ್‌ಗೆ ಒಯ್ಯುವ ದಾರಿಯನ್ನು ಆಟ ಕೊಟ್ಟಿಲ್ಲ. ಪೆನ್‌ಡ್ರೈವ್ ಕೂಡ ಅಲ್ಲಿ ಕೆಲಸಕ್ಕೆ ಬಾರದು, ಕನ್ಸೋಲ್ ಹೊರಗಿನ ಫೈಲನ್ನು ಸೇವ್ ಎಂದು ಒಪ್ಪಿಕೊಳ್ಳುವುದಿಲ್ಲ. ಕೈಯಾರೆ ಒಯ್ಯಬಹುದಾದದ್ದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಮತ್ತು ಸ್ವಲ್ಪ ತಾಳ್ಮೆಯಿದ್ದರೆ ಕಂಪ್ಯೂಟರಿನಿಂದ ಫೋನಿಗೆ.

ಫೋನಿನ ವಿಷಯದಲ್ಲಿ ಅಡ್ಡ ಬರುವುದು ಆವೃತ್ತಿಯ ಅಂತರ. ಕಂಪ್ಯೂಟರಿಗೆ 1.6 ಆವೃತ್ತಿ 2024ರ ಮಾರ್ಚ್ 19ರಂದು ಬಂದರೆ ಫೋನಿಗೂ ಕನ್ಸೋಲ್‌ಗಳಿಗೂ ಬಂದದ್ದು ಅದೇ ವರ್ಷದ ನವೆಂಬರ್ 4ರಂದು. ನಡುವಿನ ಏಳೂವರೆ ತಿಂಗಳು ಕಂಪ್ಯೂಟರಿನ ಹೊಸ ಸೇವನ್ನು ಫೋನಿನ ಹಳೆಯ ಆಟಕ್ಕೆ ಕೊಟ್ಟರೆ ಪ್ರಯೋಜನವಿರಲಿಲ್ಲ. ಸಾಮಾನ್ಯವಾಗಿ ಹಳೆಯ ಸೇವನ್ನು ಹೊಸ ಆವೃತ್ತಿ ಓದುತ್ತದೆ, ಹೊಸ ಸೇವನ್ನು ಹಳೆಯ ಆವೃತ್ತಿ ಓದುವುದಿಲ್ಲ. ಆದುದರಿಂದ ಒಯ್ಯುವ ಮೊದಲು ಎರಡೂ ಕಡೆ ಆವೃತ್ತಿಯ ಸಂಖ್ಯೆಯನ್ನು ಹೋಲಿಸಬೇಕು.

ಆಂಡ್ರಾಯ್ಡ್‌ನ ತಾನೇ ತಾನಾಗಿ ನಡೆಯುವ ಬ್ಯಾಕಪ್ಪನ್ನು ಕೆಲವರು ಕ್ಲೌಡ್ ಸೇವ್ ಎಂದುಕೊಳ್ಳುತ್ತಾರೆ. ಅದು ಒಂದು ಆ್ಯಪ್‌ಗೆ 25 ಎಂಬಿಯವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ, ಹೆಚ್ಚೆಂದರೆ ದಿನಕ್ಕೊಮ್ಮೆ ನಡೆಯುತ್ತದೆ, ಮತ್ತು ಮರಳಿ ಕೊಡುವುದು ಆ್ಯಪ್ಪನ್ನು ಹೊಸದಾಗಿ ಹಾಕಿಕೊಳ್ಳುವಾಗ ಮಾತ್ರ. ಫೋನ್ ಬದಲಿಸಿದವನಿಗೆ ಅದು ನೆರವಾಗಬಹುದು; ಫೋನಿನಲ್ಲಿ ಒಂದಿಷ್ಟು, ಟ್ಯಾಬ್ಲೆಟ್‌ನಲ್ಲಿ ಒಂದಿಷ್ಟು ಎಂದು ಆಡುವವನಿಗೆ ಅಲ್ಲ.

ವಿಂಡೋಸ್‌ನಲ್ಲಿ ಇನ್ನೊಂದು ತೊಡಕು ಇದೆ. ದಿ ವಿಚರ್ 3 ತನ್ನ ಸೇವ್‌ಗಳನ್ನು `Documents` ಫೋಲ್ಡರಿನೊಳಗೆ `The Witcher 3\gamesaves` ಎಂಬಲ್ಲಿ ಇಡುತ್ತದೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹವಾದ ಒನ್‌ಡ್ರೈವ್ ಆ ಫೋಲ್ಡರಿನ ಬ್ಯಾಕಪ್ಪನ್ನು ತನ್ನ ವಶಕ್ಕೆ ತೆಗೆದುಕೊಂಡಿದ್ದರೆ ಅದರ ನಿಜವಾದ ಜಾಗ ಒನ್‌ಡ್ರೈವ್‌ನ ಒಳಗಿರುತ್ತದೆ, ಹೀಗೆ ಒಂದೇ ಫೈಲಿಗೆ ಸ್ಟೀಮ್, ಒನ್‌ಡ್ರೈವ್ ಎಂದು ಇಬ್ಬರು ಮಾಲೀಕರಾಗುತ್ತಾರೆ. ಹಳೆಯ ಸೇವ್ ಮರಳಿ ಮರಳಿ ಬರುತ್ತಿದೆ ಎನ್ನುವವರು ಮೊದಲು ಇದನ್ನು ನೋಡಬೇಕು. ನಾನಾದರೆ ಆಟದ ಫೋಲ್ಡರುಗಳನ್ನು ಒನ್‌ಡ್ರೈವ್‌ನ ಹೊರಗಿಡುತ್ತೇನೆ.

ಹುಡುಗ ಆಯ್ದುಕೊಂಡದ್ದು

ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್ ನಡುವೆ ಸ್ಟೀಮ್ ಕ್ಲೌಡ್ ಸಾಕು, ಎರಡೂ ಒಂದೇ ಅಂಗಡಿಯ ಒಳಗಿವೆ. ದಿ ವಿಚರ್ 3ನ್ನು ದೊಡ್ಡ ಟಿವಿಯಲ್ಲಿ ಮುಂದುವರಿಸುವ ಆಸೆಯಿರುವುದರಿಂದ ಅದರ ಪೂರ್ಣ ಆವೃತ್ತಿಯನ್ನು ಕನ್ಸೋಲ್‌ಗೆ ಮತ್ತೊಮ್ಮೆ ಕೊಳ್ಳುವುದು ಅನಿವಾರ್ಯ. ನಡುವಿನ ಸೇತುವೆ ಜಿಒಜಿ ಖಾತೆ. ಸ್ಟಾರ್‌ಡ್ಯೂ ವ್ಯಾಲಿ ಕಂಪ್ಯೂಟರಿನಲ್ಲಿಯೇ ಉಳಿಯಲಿ, ಕನ್ಸೋಲ್‌ಗೆ ಅದನ್ನು ಕೊಳ್ಳಬೇಡ ಎಂದೆ. ಪ್ಲೇಸ್ಟೇಷನ್ ಪ್ಲಸ್ ಚಂದಾ ಈಗಲೇ ಬೇಕಾಗಿಲ್ಲ, ಏಕೆಂದರೆ ಅವನು ಕನ್ಸೋಲ್‌ನಲ್ಲಿ ಆಡುವ ಒಂದೇ ಆಟದ ಸೇವ್ ಬೇರೆ ದಾರಿಯಿಂದ ಹೊರಗೆ ಹೋಗುತ್ತಿರುತ್ತದೆ. ಕನ್ಸೋಲ್‌ಗಷ್ಟೇ ಸೀಮಿತವಾದ ದೊಡ್ಡ ಆಟವೊಂದನ್ನು ಶುರು ಮಾಡಿದ ದಿನ ಅದನ್ನು ತೆಗೆದುಕೊಂಡರಾಯಿತು. ಆ ಹಣದಲ್ಲಿ ಡೆಸ್ಕ್‌ಟಾಪ್‌ಗೂ ರೂಟರ್‌ಗೂ ಆಗುವಂತೆ ಒಂದು ಚಿಕ್ಕ ಯುಪಿಎಸ್ ಬಂತು. ಕರೆಂಟ್ ಹೋದರೆ ಆಟದಲ್ಲಿ ಮಲಗಿ, ಆಟ ಮುಚ್ಚಿ, ಸೇವ್ ಮೇಲೇರುವಷ್ಟು ಹೊತ್ತು ಅದು ತಡೆಯುತ್ತದೆ.

ಹಳೆಯ ಲ್ಯಾಪ್‌ಟಾಪನ್ನು ಪರೀಕ್ಷೆ ಮುಗಿದ ಮೇಲೆ ಮಾರುವ ಯೋಚನೆ ಅವನಿಗಿದೆ. ಅದನ್ನು ಫಾರ್ಮ್ಯಾಟ್ ಮಾಡುವ ಮೊದಲು ಎರಡೂ ಆಟಗಳಲ್ಲಿ ಒಂದೊಂದು ಹೊಸ ಸೇವ್ ಮಾಡಿ, ಆಟ ಮುಚ್ಚಿ, ಹುಬ್ಬಳ್ಳಿಗೆ ಬಂದು ಡೆಸ್ಕ್‌ಟಾಪ್‌ನಲ್ಲಿ ಅದೇ ದಿನ, ಅದೇ ಜಾಗ ತೆರೆದುಕೊಳ್ಳುತ್ತದೆಯೇ ಎಂದು ಕಣ್ಣಾರೆ ನೋಡಬೇಕೆಂದು ಹೇಳಿದ್ದೇನೆ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಮಾರಾಟಕ್ಕಿಲ್ಲ.